ಹಳೆಯ ಡಿಸ್ಕಿನಲ್ಲಿರುವ ತಾಳಮದ್ದಳೆ ಸರಿಯಾಗಿದೆಯಾ? ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತದಾ?

ಪ್ರಶ್ನೆ: ಅಪ್ಪಯ್ಯ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಳೆಗಳನ್ನೆಲ್ಲ 2012ರಲ್ಲಿ ಒಂದು ಹಾರ್ಡ್ ಡಿಸ್ಕಿಗೆ ಹಾಕಿಸಿದ್ದೆವು. ಒಟ್ಟು 400 ಜಿಬಿ `.wav` ಫೈಲ್, ಜೊತೆಗೆ ಅವುಗಳದ್ದೇ ಎಂಪಿ3. 2016ರಲ್ಲಿ ಅದನ್ನು ಎರಡನೇ ಡಿಸ್ಕಿಗೆ ಕಾಪಿ ಮಾಡಿದೆ. 2020ರಲ್ಲಿ ಮೊದಲ ಡಿಸ್ಕಿನಿಂದಲೇ ಲ್ಯಾಪ್‌ಟಾಪಿಗೂ ಹಾಕಿಕೊಂಡೆ. ಮೊನ್ನೆ ಎರಡನೇ ಡಿಸ್ಕಿನ ಒಂದು ಫೈಲ್ ಕೇಳುವಾಗ ನಡುವೆ ಅರೆಕ್ಷಣ ಧ್ವನಿಯೇ ಇಲ್ಲ. ಎರರ್ ಏನೂ ಬರಲಿಲ್ಲ. ಉಳಿದ ಫೈಲ್‌ಗಳೂ ಹೀಗೇ ಹಾಳಾಗಿದ್ದರೆ? ಎಲ್ಲವನ್ನೂ ಕೂತು ಕೇಳಲು ಆಗುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಕಪ್ ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಹೋಗುತ್ತದೆ, ಪ್ರತಿ ಸಲ ಹಸಿರು ಟಿಕ್ ಬರುತ್ತದೆ. ಅದನ್ನಾದರೂ ನಂಬಬಹುದಾ? ಕ್ಯಾಸೆಟ್‌ಗಳು ಬೂಷ್ಟು ಹಿಡಿಯುತ್ತಿವೆ, ಎಸೆಯಬಹುದಾ?
— ಕುಂದಾಪುರದ ಓದುಗರು

ಉತ್ತರ: ಕ್ಯಾಸೆಟ್ ಎಸೆಯಬೇಡಿ. ವಾರದ ಬ್ಯಾಕಪ್ಪನ್ನು ಇವತ್ತೇ ನಿಲ್ಲಿಸಿ. ಲ್ಯಾಪ್‌ಟಾಪಿನಲ್ಲಿ ಕೆಟ್ಟ ಫೈಲ್ ಇದ್ದರೆ ಬ್ಯಾಕಪ್ ಅದನ್ನೂ ನಿಷ್ಠೆಯಿಂದ ಕಾಪಿ ಮಾಡುತ್ತದೆ. ಹಳೆಯ ಆವೃತ್ತಿಗಳನ್ನು ಕೆಲವು ವಾರ ಮಾತ್ರ ಇಟ್ಟುಕೊಳ್ಳುವಂತೆ ಸೆಟ್ ಆಗಿದ್ದರೆ, ಒಳ್ಳೆಯ ಕಾಪಿ ಅಳಿಸಿಹೋಗಿ ಕೆಟ್ಟದ್ದು ಮಾತ್ರ ಉಳಿಯಬಹುದು.

ಇನ್ನೊಂದು ಎಚ್ಚರಿಕೆ. ಹಳೆಯ ಡಿಸ್ಕ್ ಸಿಕ್ಕಿಸಿದಾಗ ವಿಂಡೋಸ್ "ಸ್ಕ್ಯಾನ್ ಮಾಡಿ ಸರಿಪಡಿಸಲೇ?" ಎಂದು ಕೇಳಿದರೆ ಬೇಡ ಅನ್ನಿ. ಅದು ಓಡಿಸುವ `chkdsk` ನೋಡುವುದು ಡಿಸ್ಕಿನ ಲೆಕ್ಕಪತ್ರ ಸರಿಯಿದೆಯಾ ಎಂದು. ನಿಮ್ಮ ರೆಕಾರ್ಡಿಂಗ್ ಉಳಿಯಿತಾ ಅನ್ನುವುದು ಅದರ ಕೆಲಸ ಅಲ್ಲ. ಲೆಕ್ಕ ಹೊಂದಿಸಲು ಅದು ಫೈಲಿನ ತುಂಡುಗಳನ್ನು ಕತ್ತರಿಸಿ ಬದಿಗಿಡಬಹುದು. ಹಳೆಯ ಡಿಸ್ಕಿನ ಮೇಲೆ ಒಂದು ಬೈಟ್ ಕೂಡ ಹೊಸದಾಗಿ ಬರೆಯದೆ ಕೆಲಸ ಮಾಡಬೇಕು. ಅದಕ್ಕೆ ಉಬುಂಟುವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಓದಲು ಮಾತ್ರ ಆಗುವಂತೆ ತೆರೆಯುವುದು ಸುಲಭದ ದಾರಿ. ನಿಮಗೆ ಇದು ಹೊಸದಾದರೆ, ಲಿನಕ್ಸ್ ಬಲ್ಲ ಯಾರನ್ನಾದರೂ ಒಂದು ಭಾನುವಾರ ಪಕ್ಕದಲ್ಲಿ ಕೂರಿಸಿಕೊಳ್ಳಿ.

```
lsblk -o NAME,SIZE,LABEL,MOUNTPOINT
sudo umount /dev/sdb1
sudo mkdir -p /mnt/d1
sudo mount -o ro /dev/sdb1 /mnt/d1
```

`sdb1` ಅನ್ನುವುದು ನಿಮ್ಮಲ್ಲಿ ಬೇರೆ ಇರಬಹುದು, ಮೊದಲ ಸಾಲಿನ ಉತ್ತರದಲ್ಲಿ ಡಿಸ್ಕಿನ ಗಾತ್ರ ನೋಡಿ ಗುರುತಿಸಿ. `ro` ಅನ್ನುವುದೇ ಇಲ್ಲಿ ಮುಖ್ಯ. ಎರಡನೇ ಡಿಸ್ಕನ್ನೂ ಹೀಗೇ `/mnt/d2` ಎಂದು ತೆರೆಯಿರಿ.

ಮುಂದೆ ಹೋಗುವ ಮುಂಚೆ ಡಿಸ್ಕ್‌ಗಳ ಆರೋಗ್ಯ ನೋಡಿ. `smartmontools` ಹಾಕಿಕೊಂಡು `sudo smartctl -a /dev/sdb` ಕೊಡಿ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕ್ ಉತ್ತರ ಕೊಡದಿದ್ದರೆ `-d sat` ಸೇರಿಸಿ. ಬರುವ ಪಟ್ಟಿಯಲ್ಲಿ `Current_Pending_Sector` ಎಂಬ ಸಾಲಿನ ಕೊನೆಯ ಸಂಖ್ಯೆ ನೋಡಿ. ಅದು ಸೊನ್ನೆ ಅಲ್ಲದಿದ್ದರೆ, ಓದಲಾಗದ ಜಾಗಗಳು ಡಿಸ್ಕಿನಲ್ಲಿ ಈಗಾಗಲೇ ಇವೆ ಎಂದರ್ಥ. ಅಂಥ ಡಿಸ್ಕಿನ ಮೇಲೆ ಕೆಳಗಿನ ಪರೀಕ್ಷೆ ಯಾವುದನ್ನೂ ಓಡಿಸಬೇಡಿ. ಮೊದಲು ಇಡೀ ಭಾಗದ ಪಡಿಯಚ್ಚನ್ನು ಹೊಸ ಡಿಸ್ಕಿಗೆ ತೆಗೆಯಿರಿ. ಆಗ ಆ ಭಾಗ ಎಲ್ಲೂ ತೆರೆದಿರಬಾರದು, `umount` ಆಗಿರಬೇಕು.

```
sudo ddrescue -n /dev/sdb1 disk1.img disk1.map
sudo ddrescue -d -r3 /dev/sdb1 disk1.img disk1.map
```

ಮೊದಲ ಸಾಲು ಸುಲಭವಾಗಿ ಬರುವುದನ್ನೆಲ್ಲ ಬೇಗ ಎತ್ತಿಕೊಳ್ಳುತ್ತದೆ. ಎರಡನೆಯದು ಕಷ್ಟದ ಜಾಗಗಳಿಗೆ ಮಾತ್ರ ಮತ್ತೆ ಹೋಗುತ್ತದೆ. ಆಮೇಲೆ ಪರೀಕ್ಷೆ ಎಲ್ಲ ಆ ಪಡಿಯಚ್ಚಿನ ಮೇಲೆ.

ಆ ಸಂಖ್ಯೆ ಸೊನ್ನೆ ಇದ್ದರೆ ಫೈಲ್‌ಗಳು ಸರಿಯಿವೆ ಅಂದುಕೊಳ್ಳಬೇಡಿ. ನಿಮಗೆ ಆಗಿದ್ದು ಬೇರೆಯೇ ಕಥೆ. ಹಾರ್ಡ್ ಡಿಸ್ಕ್ ಪ್ರತಿ ಸೆಕ್ಟರಿನ ಜೊತೆ ತಪ್ಪು ಹಿಡಿಯುವ, ತಿದ್ದುವ ಹೆಚ್ಚುವರಿ ಮಾಹಿತಿಯನ್ನೂ ಬರೆದಿಟ್ಟಿರುತ್ತದೆ. ಮೇಲ್ಮೈ ಹಾಳಾಗಿ ಓದಲು ಆಗದಿದ್ದರೆ ಅದು ಸುಮ್ಮನಿರುವುದಿಲ್ಲ, ಎರರ್ ಕೊಡುತ್ತದೆ. ಎರರ್ ಇಲ್ಲದೆ ತಪ್ಪು ಸಿಕ್ಕಿದೆ ಎಂದರೆ, ಡಿಸ್ಕ್ ತನಗೆ ಬರೆಯಲು ಸಿಕ್ಕಿದ್ದನ್ನೇ ಸರಿಯಾಗಿ ವಾಪಸ್ ಕೊಡುತ್ತಿದೆ, ಸಿಕ್ಕಿದ್ದೇ ತಪ್ಪು ಎನ್ನುವ ಸಾಧ್ಯತೆ ಜಾಸ್ತಿ. ಕಾಪಿ ಮಾಡಿದ ಕಂಪ್ಯೂಟರಿನ ರ‍್ಯಾಮ್, ಸಡಿಲವಾದ ಕೇಬಲ್, ಅಗ್ಗದ ಯುಎಸ್‌ಬಿ ಪೆಟ್ಟಿಗೆ, ಬರೆದು ಮುಗಿಯುವ ಮೊದಲೇ ಕಿತ್ತ ಡಿಸ್ಕ್, ನಡುವೆ ಹೋದ ಕರೆಂಟು ಇವೆಲ್ಲ ಇದಕ್ಕೆ ಕಾರಣ. ಡಿಸ್ಕಿನದೇ ಫರ್ಮ್‌ವೇರ್ ಕೂಡ ಅಪರೂಪಕ್ಕೆ ಬರೆಯಬೇಕಾದ ಜಾಗ ಬಿಟ್ಟು ಬೇರೆ ಕಡೆ ಬರೆಯುತ್ತದೆ. 2008ರಲ್ಲಿ ಬಂದ ಒಂದು ಅಧ್ಯಯನ ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್‌ಗಳಲ್ಲಿದ್ದ 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಕಾಲ ಗಮನಿಸಿತ್ತು. ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗದ ಪ್ರಸಂಗಗಳು ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಸಿಕ್ಕವು. ಆ ವ್ಯವಸ್ಥೆಗಳು ಪ್ರತಿ ತುಂಡಿಗೂ ಒಳಗಿನ ಅಂಕೆಗಳಿಂದಲೇ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆ, ಅಂದರೆ ಪ್ರತ್ಯೇಕ ಚೆಕ್‌ಸಮ್ ಇಟ್ಟಿದ್ದರಿಂದ ಇದು ಗೊತ್ತಾಯಿತು. ನಿಮ್ಮ ಡಿಸ್ಕ್‌ಗಳಲ್ಲಿ ಅಂಥ ಗುರುತು ಯಾವುದೂ ಇಲ್ಲ. `.wav` ಫೈಲಿನೊಳಗೂ ಇಲ್ಲ. ಮೊದಲ 44 ಬೈಟ್ ತಲೆಬರಹ, ಆಮೇಲೆ ಪೂರ್ತಿ ಧ್ವನಿಯ ಅಂಕೆಗಳು, ಅಷ್ಟೇ. ನಡುವೆ ಏನೇ ಬದಲಾದರೂ ಪ್ಲೇಯರ್ ನುಡಿಸಿಕೊಂಡು ಹೋಗುತ್ತದೆ.

ಆದ್ದರಿಂದ ಕಾಪಿಗಳನ್ನು ಒಂದಕ್ಕೊಂದು ಹೋಲಿಸಿಯೇ ಸತ್ಯ ಹೊರಗೆ ತರಬೇಕು. ನಿಮ್ಮ ಬಳಿ ಮೂರು ಕಾಪಿ ಇರುವುದು ದೊಡ್ಡ ಅನುಕೂಲ.

ಮೊದಲ ಡಿಸ್ಕಿನ ಪ್ರತಿ ಫೈಲಿಗೂ ಒಂದು ಚೆಕ್‌ಸಮ್ ತೆಗೆಯಿರಿ. ಫೈಲಿನ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ.

```
cd /mnt/d1
find . -type f -print0 | sort -z | xargs -0 sha256sum > ~/d1.sha256
cd /mnt/d2
sha256sum -c --quiet ~/d1.sha256 2>&1 | tee ~/d2-result.txt
```

ಲೈವ್ ಉಬುಂಟುವಿನಲ್ಲಿ `~` ಒಳಗೆ ಇಟ್ಟದ್ದು ಶಟ್‌ಡೌನ್ ಮಾಡಿದರೆ ಹೋಗುತ್ತದೆ, ಆ ಎರಡು ಫೈಲ್‌ಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕಾದರೆ 400 ಜಿಬಿಗೆ ಒಂದು ಗಂಟೆ ಚಿಲ್ಲರೆ ಬೇಕು. ಹಳೆಯ ಯುಎಸ್‌ಬಿ 2 ಪೆಟ್ಟಿಗೆಯಾದರೆ ನಾಲ್ಕು ಗಂಟೆಯ ಹತ್ತಿರ. ಲ್ಯಾಪ್‌ಟಾಪಿನ ಕಾಪಿಯನ್ನೂ ಇದೇ ಪಟ್ಟಿಗೆ ಹೋಲಿಸಿ.

ಎಲ್ಲ ಸರಿಯಿದ್ದರೆ ಪರದೆ ಮೇಲೆ ಏನೂ ಬರುವುದಿಲ್ಲ. ತಪ್ಪಿದ್ದರೆ ಹೀಗೆ ಬರುತ್ತದೆ:

```
./2003/side-B-07.wav: FAILED
./2003/side-A-11.wav: FAILED open or read
```

ಈ ಎರಡನ್ನು ಬೆರೆಸಬೇಡಿ. ಎರಡನೇ ಸಾಲಿನದು ಫೈಲೇ ಇಲ್ಲ ಅಥವಾ ಡಿಸ್ಕ್ ಓದಲು ಕೊಡುತ್ತಿಲ್ಲ ಎಂದು. ಅದು ಕೂಗಿ ಹೇಳುವ ತೊಂದರೆ. ಮೊದಲ ಸಾಲಿನದು ಮೌನವಾಗಿ ಆದ ಬದಲಾವಣೆ, ನಾವು ಹುಡುಕುತ್ತಿರುವುದು ಅದನ್ನು. `FAILED` ಬಂದ ಫೈಲಿಗೆ ಮೊದಲು ಎರಡೂ ಡಿಸ್ಕಿನಲ್ಲಿ `sha256sum` ಇನ್ನೊಮ್ಮೆ ಕೊಡಿ, ಆದರೆ ಡಿಸ್ಕನ್ನು ಒಮ್ಮೆ ತೆಗೆದು ಮತ್ತೆ ಸಿಕ್ಕಿಸಿ, ಮೊದಲಿನಂತೆ `ro` ಆಗಿ ತೆರೆದ ಮೇಲೆ. ಇಲ್ಲದಿದ್ದರೆ ಲಿನಕ್ಸ್ ಆಗಲೇ ಓದಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿದ್ದನ್ನೇ ಕೊಟ್ಟುಬಿಡಬಹುದು. ಅದೇ ಫೈಲ್, ಅದೇ ಡಿಸ್ಕ್, ಎರಡು ಸಲಕ್ಕೆ ಎರಡು ಬೇರೆ ಸಂಖ್ಯೆ ಬಂದರೆ ಫೈಲ್ ಚೆನ್ನಾಗಿಯೇ ಇರಬಹುದು. ನೀವು ಈಗ ಬಳಸುತ್ತಿರುವ ಕಂಪ್ಯೂಟರಿನ ರ‍್ಯಾಮ್ ಅಥವಾ ಕೇಬಲ್ ಮೇಲೆ ಅನುಮಾನ ಪಡಿ. ಕೇಬಲ್ ಬದಲಿಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ಅದು ಸರಿಹೋಗುವ ತನಕ ಯಾವ ಫಲಿತಾಂಶವನ್ನೂ ನಂಬಬೇಡಿ.

ಪ್ರತಿ ಸಲವೂ ಅದೇ ತಪ್ಪು ಸಂಖ್ಯೆ ಬಂದರೆ ಬದಲಾವಣೆ ಡಿಸ್ಕಿನ ಮೇಲೆಯೇ ಇದೆ. ಈಗ ಯಾವುದು ಸರಿ, ಯಾವುದು ತಪ್ಪು ಅನ್ನುವುದನ್ನು ತೀರ್ಮಾನಿಸಬೇಕು. ಚೆಕ್‌ಸಮ್ ಅದನ್ನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿದ್ದಂಥದ್ದೇ ಒಂದು ಫೈಲ್ ಇಟ್ಟುಕೊಂಡು ನೋಡೋಣ.

```
cmp -l /mnt/d1/2003/side-B-07.wav /mnt/d2/2003/side-B-07.wav | head -3
211681281 354   0
211681282 377   0
211681283  21   0
```

ಎಡಗಡೆಯ ಸಂಖ್ಯೆ ಬೈಟಿನ ಜಾಗ. ನಂತರದ ಎರಡು, ಆ ಜಾಗದಲ್ಲಿ ಮೊದಲ ಡಿಸ್ಕಿನಲ್ಲಿ ಏನಿದೆ, ಎರಡನೆಯದರಲ್ಲಿ ಏನಿದೆ ಎಂದು. ಸಿಡಿ ಗುಣಮಟ್ಟದ ಸ್ಟೀರಿಯೋ ರೆಕಾರ್ಡಿಂಗ್ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ. ತಲೆಬರಹದ 44 ಕಳೆದು ಭಾಗಿಸಿದರೆ 1200 ಸೆಕೆಂಡ್. ಅಂದರೆ ಆ ಬದಿಯ ಸರಿಯಾಗಿ 20ನೇ ನಿಮಿಷ. `cmp` ಒಂದರಿಂದ ಎಣಿಸುತ್ತದೆ, ಆದ್ದರಿಂದ ನಿಜವಾದ ಜಾಗ 211681280. ಅದನ್ನು 4096ರಿಂದ ಭಾಗಿಸಿ ನೋಡಿ, 51680, ಶೇಷ ಇಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಸಾಮಾನ್ಯವಾಗಿ 4096 ಬೈಟಿನ ತುಂಡುಗಳಾಗಿಯೇ ಹಂಚುತ್ತದೆ. ತಪ್ಪು ಸರಿಯಾಗಿ ತುಂಡಿನ ಅಂಚಿನಲ್ಲಿ ಶುರುವಾಗಿ, ಒಂದು ಕಡೆ ಬರೀ ಸೊನ್ನೆಗಳೇ ಇದ್ದರೆ ಅನುಮಾನವೇ ಬೇಡ. 2016ರಲ್ಲಿ ಆ ತುಂಡುಗಳು ಎರಡನೇ ಡಿಸ್ಕಿಗೆ ಹೋಗಿ ಮುಟ್ಟಲೇ ಇಲ್ಲ. ಜಾಗ ಮೀಸಲಾಯಿತು, ಫೈಲಿನ ಗಾತ್ರವೂ ದಾಖಲಾಯಿತು, ಒಳಗೆ ಏನೂ ಬರಲಿಲ್ಲ. ಎಕ್ಸ್‌ಪ್ಲೋರರಿನಲ್ಲಿ ಎರಡೂ ಫೈಲಿನ ಗಾತ್ರ ಒಂದೇ ಕಾಣುವುದೂ ಇದಕ್ಕೇ.

`head` ತೆಗೆದು `wc -l` ಹಾಕಿದರೆ ಎಷ್ಟು ಬೈಟ್ ಬೇರೆ ಎಂದು ಬರುತ್ತದೆ. 65,536ಕ್ಕಿಂತ ಚೂರು ಕಡಿಮೆ ಬಂದರೆ ಅದು 16 ತುಂಡು. ಚೂರು ಕಡಿಮೆ ಯಾಕೆಂದರೆ ಒಳ್ಳೆಯ ಕಾಪಿಯಲ್ಲೂ ಅಲ್ಲಲ್ಲಿ ನಿಜವಾದ ಸೊನ್ನೆ ಇರುತ್ತದೆ, ಅವು ವ್ಯತ್ಯಾಸದಲ್ಲಿ ಸೇರುವುದಿಲ್ಲ. 65,536 ಬೈಟ್ ಎಂದರೆ 0.37 ಸೆಕೆಂಡ್ ಧ್ವನಿ. ನೀವು ಕೇಳಿದ "ಅರೆಕ್ಷಣ" ಇಂಥದ್ದೇ ಇರಬೇಕು. ಒಂದೇ ತುಂಡು ಹೋಗಿದ್ದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಕಾಲ, ಒಂದು ಸಣ್ಣ "ಟಕ್". ಅರ್ಥಧಾರಿ ಮಾತಾಡುತ್ತಿರುವಾಗ ಅದು ಕಿವಿಗೆ ಬೀಳುತ್ತದೆ. ಚೆಂಡೆ ನುಡಿಯುತ್ತಿರುವಾಗ ಎಂಥ ಕಿವಿಯೂ ಹಿಡಿಯಲಾರದು. ಕೂತು ಕೇಳಿ ಪರೀಕ್ಷಿಸುತ್ತೇನೆ ಎನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೆ.

ಎಲ್ಲ ಪ್ರಸಂಗವೂ ಇಷ್ಟು ಸುಲಭ ಇರುವುದಿಲ್ಲ. ಎರಡೂ ಕಡೆ ಸೊನ್ನೆ ಅಲ್ಲದ ಅಂಕೆಗಳೇ ಇದ್ದು, ತುಂಡಿನ ಅಂಚಿನಲ್ಲೇ ಶುರುವಾಗಿದ್ದರೆ, ಒಂದರೊಳಗೆ ಬೇರೆ ಯಾವುದೋ ಫೈಲಿನ ತುಂಡು ಬಂದು ಕೂತಿರಬಹುದು. ಆ ನಿಮಿಷಕ್ಕೆ ಹೋಗಿ ಎರಡನ್ನೂ ಕೇಳಿ. ತಪ್ಪು ಕಾಪಿಯಲ್ಲಿ ಸಾಮಾನ್ಯವಾಗಿ ಜೋರಾದ ಕರ್ಕಶ ಶಬ್ದ ಇರುತ್ತದೆ. ಅನುಮಾನ ಉಳಿದರೆ ಎಂಪಿ3 ಹಾಕಿ. 2012ರಲ್ಲಿ ಕ್ಯಾಸೆಟ್ಟಿನಿಂದ ಇಳಿಸಿದ ಕೂಡಲೇ ಅದನ್ನು ಮಾಡಿದ್ದಾದರೆ, ಆಮೇಲೆ `.wav`ಗೆ ಏನಾಯಿತು ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇನ್ನೊಂದು ಬಗೆ ಹೀಗಿರುತ್ತದೆ. ಇಡೀ ಫೈಲಿನಲ್ಲಿ ಒಂದೇ ಸಾಲು:

```
98304517 101 105
```

ಈ ಅಂಕೆಗಳು ಎಂಟರ ಎಣಿಕೆಯವು. 101 ಎಂದರೆ `01000001`, 105 ಎಂದರೆ `01000101`. ಒಂದೇ ಒಂದು ಬಿಟ್ ಮಗುಚಿದೆ. ಡಿಸ್ಕಿನ ತೊಂದರೆ ಹೀಗೆ ಕಾಣುವುದು ಅಪರೂಪ. ಕಾಪಿ ಮಾಡುವಾಗ ಆ ಬೈಟ್ ಹಾದುಹೋದ ರ‍್ಯಾಮ್ ಕೆಟ್ಟಿತ್ತು ಎನ್ನುವುದೇ ಹೆಚ್ಚು ಸಂಭವ. ಇಲ್ಲಿ ಬದಲಾದದ್ದು ಧ್ವನಿಯ ಅಂಕೆಯ ಕೆಳಗಿನ ಬೈಟು, ವ್ಯತ್ಯಾಸ ಬರೀ 4, ಕಿವಿಗೆ ಗೊತ್ತಾಗುವುದೇ ಇಲ್ಲ. ಆದರೂ ಬಿಡಬೇಡಿ. ಇಂಥದ್ದು ಒಂದು ಸಿಕ್ಕಿದರೆ ಅದೇ ದಿನ ಅದೇ ಕಂಪ್ಯೂಟರಿನಲ್ಲಿ ಕಾಪಿಯಾದ ಫೋಟೋ, ಜಿಪ್ ಫೈಲ್‌ಗಳಲ್ಲೂ ಇರಬಹುದು. ಒತ್ತಿ ಸಣ್ಣದು ಮಾಡಿದ ಅಂಥ ಫೈಲ್‌ಗಳಲ್ಲಿ ಒಂದು ಬಿಟ್ ಸಾಕು, ಅಲ್ಲಿಂದ ಮುಂದಿನ ಅರ್ಧ ಫೋಟೋ ಬಣ್ಣಗೆಡಲು.

ಎರಡರಲ್ಲಿ ಯಾವುದು ಮೂಲ ಎಂದು ಕಿವಿ ಹೇಳದಿದ್ದಾಗ ಲ್ಯಾಪ್‌ಟಾಪಿನ ಮೂರನೇ ಕಾಪಿಗೆ ಹೋಗಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮೂರರಲ್ಲಿ ಎರಡು ಒಂದೇ ಇದ್ದರೆ ಅದೇ ಸರಿ ಎಂದು ಬಹುಮತದಿಂದ ತೀರ್ಮಾನ ಮಾಡಿಬಿಡುತ್ತಾರೆ. ಹಾಗಲ್ಲ. ಯಾವುದು ಯಾವುದರಿಂದ, ಯಾವಾಗ ಹುಟ್ಟಿತು ಎಂದು ನೋಡಬೇಕು. ನಿಮ್ಮಲ್ಲಿ ಎರಡನೇ ಡಿಸ್ಕ್ 2016ರಲ್ಲಿ, ಲ್ಯಾಪ್‌ಟಾಪ್ 2020ರಲ್ಲಿ, ಎರಡೂ ಮೊದಲ ಡಿಸ್ಕಿನಿಂದ ಬಂದವು. ಈ ಎರಡು ಮಕ್ಕಳು ಒಂದೇ ಇದ್ದು ಮೊದಲ ಡಿಸ್ಕ್ ಬೇರೆ ಹೇಳಿದರೆ ತೀರ್ಮಾನ ಗಟ್ಟಿ. ನಾಲ್ಕು ವರ್ಷ ಅಂತರದಲ್ಲಿ ಎರಡು ಸಲ ಒಂದೇ ತಪ್ಪು ಆಗುವುದಿಲ್ಲ, ಮೊದಲ ಡಿಸ್ಕ್ 2020ರ ನಂತರ ಬದಲಾಗಿದೆ. ಆದರೆ ಮೊದಲ ಡಿಸ್ಕ್ ಮತ್ತು ಲ್ಯಾಪ್‌ಟಾಪ್ ಒಂದೇ ಇದ್ದು ಎರಡನೇ ಡಿಸ್ಕ್ ಮಾತ್ರ ಬೇರೆ ಇದ್ದರೆ ಅಷ್ಟು ಗಟ್ಟಿ ಇಲ್ಲ. ಎರಡನೇ ಡಿಸ್ಕ್ ಕೆಟ್ಟಿರಬಹುದು. ಅಥವಾ ಮೊದಲ ಡಿಸ್ಕೇ 2016 ಮತ್ತು 2020ರ ನಡುವೆ ಕೆಟ್ಟು, ಆ ತಪ್ಪು ಲ್ಯಾಪ್‌ಟಾಪಿಗೂ ಇಳಿದು, 2016ರ ಕಾಪಿಯೊಂದೇ ಸರಿ ಇರಲೂಬಹುದು. ಆಗ ಸೊನ್ನೆಗಳು ಯಾವ ಕಡೆ ಇವೆ, ಎಂಪಿ3 ಏನು ಹೇಳುತ್ತದೆ ಎನ್ನುವುದರ ಮೇಲೆಯೇ ನಿರ್ಧರಿಸಿ.

ಇದೇ ಕಾರಣಕ್ಕೆ, ಮೂರೂ ಕಾಪಿ ಒಂದೇ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. 2012 ಮತ್ತು 2016ರ ನಡುವೆ ಮೊದಲ ಡಿಸ್ಕಿನಲ್ಲಿ ತಪ್ಪಾಗಿದ್ದರೆ ಮೂರರಲ್ಲೂ ಅದೇ ತಪ್ಪು ಇರುತ್ತದೆ. ಹೋಲಿಕೆ ಅದನ್ನು ಹಿಡಿಯಲಾರದು. ಅದೃಷ್ಟಕ್ಕೆ ಕ್ಯಾಸೆಟ್ಟಿನ ಒಂದು ಗುಣ ಇಲ್ಲಿ ನೆರವಿಗೆ ಬರುತ್ತದೆ. ಟೇಪಿನಲ್ಲಿ ಎಷ್ಟೇ ಮೌನವಿದ್ದರೂ ಆ "ಸ್ಸ್" ಎನ್ನುವ ಸದ್ದು ನಿಲ್ಲುವುದಿಲ್ಲ. ಆದ್ದರಿಂದ ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿಯಲ್ಲಿ ಪೂರ್ತಿ ಸೊನ್ನೆಗಳ ಉದ್ದ ಸಾಲು ಸಹಜವಾಗಿ ಬರುವುದೇ ಇಲ್ಲ. ಬಂದಿದ್ದರೆ ಅಲ್ಲಿ ತುಂಡು ಬಿದ್ದುಹೋಗಿದೆ.

```
ffmpeg -hide_banner -nostats -i side-B-07.wav -af silencedetect=noise=-90dB:d=0.02 -f null -
```

ಇದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಉದ್ದದ ಪೂರ್ಣ ಮೌನವನ್ನೆಲ್ಲ ಹುಡುಕಿ `silence_start` ಎಂಬ ಸಾಲಿನಲ್ಲಿ ಸೆಕೆಂಡಿನ ಲೆಕ್ಕ ಕೊಡುತ್ತದೆ. ಮೇಲಿನ ಉದಾಹರಣೆಯ ಕೆಟ್ಟ ಫೈಲಿಗೆ ಓಡಿಸಿದರೆ 1200ರ ಆಸುಪಾಸಿನಲ್ಲಿ ಒಂದು ಸಾಲು ಬರಬೇಕು. ಒಂದು ತುಂಡು ಮಾತ್ರ ಹೋಗಿದ್ದರೂ ಹಿಡಿಯುತ್ತದೆ. ಫೈಲಿನ ಶುರು ಮತ್ತು ಕೊನೆಯಲ್ಲಿ ಬರುವ ಸಾಲುಗಳನ್ನು ಬಿಟ್ಟುಬಿಡಿ. ಇಳಿಸಿದವರು ಸದ್ದು ಕಡಿಮೆ ಮಾಡುವ ಫಿಲ್ಟರ್ ಹಾಕಿದ್ದರೆ ನಿಜವಾದ ಮೌನಗಳೂ ಪಟ್ಟಿಗೆ ಬಂದು ಇದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಬೇರೆ ಫೈಲಿನ ತುಂಡು ಬಂದು ಕೂತಿದ್ದರೆ ಅದನ್ನೂ ಇದು ಕಾಣುವುದಿಲ್ಲ.

ಈಗ ದುರಸ್ತಿ. ಒಂದು ಫೈಲಿನ 20ನೇ ನಿಮಿಷ ಎರಡನೇ ಡಿಸ್ಕಿನಲ್ಲಿ ಕೆಟ್ಟು, ಅದೇ ಫೈಲಿನ ಬೇರೊಂದು ಜಾಗ ಮೊದಲ ಡಿಸ್ಕಿನಲ್ಲಿ ಕೆಟ್ಟಿರಬಹುದು. ಹಾಗಿದ್ದರೂ ಎರಡನ್ನು ಸೇರಿಸಿ ಒಂದು ಪೂರ್ಣ ಫೈಲ್ ಮಾಡಬಹುದು. ಎರಡನೇ ಡಿಸ್ಕಿನ ಫೈಲನ್ನು ಹೊಸ ಡಿಸ್ಕಿಗೆ `fixed.wav` ಎಂದು ಕಾಪಿ ಮಾಡಿಕೊಂಡು, ಕೆಟ್ಟ 16 ತುಂಡುಗಳನ್ನು ಮಾತ್ರ ಮೊದಲ ಡಿಸ್ಕಿನಿಂದ ತನ್ನಿ.

```
dd if=/mnt/d1/2003/side-B-07.wav of=fixed.wav bs=4096 skip=51680 seek=51680 count=16 conv=notrunc
```

`conv=notrunc` ಮರೆತರೆ ಫೈಲಿನ ಉಳಿದ ಭಾಗ ಕತ್ತರಿಸಿಹೋಗುತ್ತದೆ. ಕಾಪಿಯ ಮೇಲೆಯೇ ಮಾಡಿ ಎಂದದ್ದು ಅದಕ್ಕೇ.

ಎಲ್ಲ ಕಾಪಿಯಲ್ಲೂ ಕೆಟ್ಟಿರುವ ಜಾಗಗಳ ಪಟ್ಟಿ ಕೊನೆಗೆ ಉಳಿಯುತ್ತದೆ, ಬಹುಶಃ ಚಿಕ್ಕದು. ಕ್ಯಾಸೆಟ್ ಬೇಕಾಗುವುದು ಆಗ. ಯಾವ ಕ್ಯಾಸೆಟ್ಟಿನ ಯಾವ ಬದಿ, ಎಷ್ಟನೇ ನಿಮಿಷ ಎನ್ನುವುದು ಕೈಯಲ್ಲಿರುತ್ತದೆ, ಅಷ್ಟನ್ನು ಮಾತ್ರ ಮತ್ತೆ ಇಳಿಸಿದರೆ ಸಾಕು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಟೇಪ್ ಸ್ವಚ್ಛಗೊಳಿಸಿ ಗೊತ್ತಿರುವವರ ಕೈಗೇ ಕೊಡಿ.

ತೀರ್ಮಾನವಾದ ಒಳ್ಳೆಯ ಫೈಲ್‌ಗಳನ್ನೆಲ್ಲ ಒಂದು ಹೊಸ ಡಿಸ್ಕಿಗೆ ಹಾಕಿ, `.flac` ಮಾಡಿ. `flac -8 -V` ಕೊಟ್ಟರೆ ಒಂದು ಅಂಕೆಯೂ ಕಳೆಯದಂತೆ ಒತ್ತಿ, ಬಿಚ್ಚಿ, ಮೂಲಕ್ಕೆ ತಾಳೆ ನೋಡಿಯೇ ಮುಗಿಸುತ್ತದೆ. ಜಾಗ ಉಳಿಯುವುದಕ್ಕಿಂತ ನನಗೆ ಮುಖ್ಯ ಅನಿಸುವುದು ಬೇರೆ. ಈ ಬಗೆಯ ಫೈಲಿನೊಳಗೆ ಇಡೀ ಧ್ವನಿಯ ಚೆಕ್‌ಸಮ್ ಇರುತ್ತದೆ. ಇನ್ನು ಮುಂದೆ ಬೇರೆ ಕಾಪಿ ಪಕ್ಕದಲ್ಲಿ ಇಲ್ಲದಿದ್ದರೂ `flac -t` ಒಂದೇ ಫೈಲ್ ನೋಡಿ ಕೆಟ್ಟಿದೆಯೋ ಇಲ್ಲವೋ ಹೇಳುತ್ತದೆ. ಆದರೆ ಈ ಕೆಲಸವನ್ನು ದುರಸ್ತಿಗಿಂತ ಮುಂಚೆ ಮಾಡಬೇಡಿ. ಕೆಟ್ಟ ಧ್ವನಿಗೂ ಅದು "ಸರಿ" ಎಂದು ಮುದ್ರೆ ಹಾಕುತ್ತದೆ. ಇಷ್ಟಾದ ಮೇಲೆ ಹೊಸ ಡಿಸ್ಕಿನ ಚೆಕ್‌ಸಮ್ ಪಟ್ಟಿ ತೆಗೆದು, ಅದರ ಒಂದು ಪ್ರತಿಯನ್ನು ಡಿಸ್ಕಿನಲ್ಲಿ, ಇನ್ನೊಂದನ್ನು ಇಮೇಲಿನಲ್ಲಿ ಇಡಿ. ಲ್ಯಾಪ್‌ಟಾಪಿನ ಕಾಪಿಯನ್ನು ಇದರಿಂದಲೇ ಬದಲಿಸಿ, ನಿಲ್ಲಿಸಿದ್ದ ಬ್ಯಾಕಪ್ ಮತ್ತೆ ಶುರು ಮಾಡಿ.

ಈಗ ಆ ಹಸಿರು ಟಿಕ್. ಅದು ಹೇಳುವುದು ಇಷ್ಟೇ: ನನಗೆ ಹೇಳಿದ ಕೆಲಸವನ್ನು ಎರರ್ ಇಲ್ಲದೆ ಮುಗಿಸಿದೆ. ಹೇಳಿದ್ದೇ ತಪ್ಪಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಟಿಕ್ ಕೂಡ ಇಲ್ಲದೆ ಕೆಟ್ಟದ್ದೂ ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಫೋಲ್ಡರನ್ನು ಅಳಿಸಿದರು. ದಿನಾ ಬ್ಯಾಕಪ್ ಹೋಗುತ್ತಿದೆ ಎಂದುಕೊಂಡಿದ್ದ ಜಾಗ ನೋಡಿದರೆ ಖಾಲಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಂ `pg_dump` 9.2 ಆವೃತ್ತಿಯದು, ಡೇಟಾಬೇಸ್ 9.6. ಪ್ರತಿ ಸಲವೂ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ತಿಳಿಸುವ ಇಮೇಲ್‌ಗಳನ್ನು ತಲುಪಬೇಕಾದ ಕಡೆಯ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಇದ್ದುದರಿಂದ ಬಚಾವಾದರು, ಆ ಆರು ಗಂಟೆಯ ಡೇಟಾಬೇಸ್ ಬದಲಾವಣೆಗಳು ಹೋದವು. ಇದನ್ನೆಲ್ಲ ಆ ಕಂಪನಿಯೇ ಬಹಿರಂಗವಾಗಿ ಬರೆದು ಪ್ರಕಟಿಸಿತು. ಒಂದೇ ಒಂದು ಸಲ ಆ ಬ್ಯಾಕಪ್ಪನ್ನು ಬೇರೆ ಸರ್ವರಿಗೆ ರಿಸ್ಟೋರ್ ಮಾಡಿ ನೋಡಿದ್ದರೆ ಖಾಲಿ ಇರುವುದು ಅಂದೇ ಗೊತ್ತಾಗುತ್ತಿತ್ತು.

ನಿಮ್ಮ ರಿಸ್ಟೋರ್ ಪರೀಕ್ಷೆಗೆ ನಿಯಮ ಒಂದೇ. ನಿಮ್ಮ ಲ್ಯಾಪ್‌ಟಾಪ್ ಕಳುವಾಗಿದೆ ಎಂದುಕೊಂಡು ಮಾಡಿ. ಅದನ್ನು ಮುಚ್ಚಿಟ್ಟು ಅಣ್ಣನದೋ ಪಕ್ಕದ ಮನೆಯವರದೋ ಕಂಪ್ಯೂಟರ್ ತನ್ನಿ. ಬ್ಯಾಕಪ್ ಡಿಸ್ಕ್, ಒಂದು ಖಾಲಿ ಡಿಸ್ಕ್, ಇಂಟರ್ನೆಟ್, ಇಷ್ಟೇ ಇರಲಿ. ಬ್ಯಾಕಪ್ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ. ಮೊದಲ ತಡೆ ಅಲ್ಲೇ ಸಿಗಬಹುದು, ಪಾಸ್‌ವರ್ಡ್. ಬ್ಯಾಕಪ್ಪಿಗೆ ಬೀಗ ಹಾಕಿದ್ದು ಎಷ್ಟೋ ವರ್ಷದ ಹಿಂದೆ, ಲ್ಯಾಪ್‌ಟಾಪ್ ಅದನ್ನು ನೆನಪಿಟ್ಟುಕೊಂಡಿದೆ, ನೀವಲ್ಲ. ಬಿಟ್‌ಲಾಕರ್ ಹಾಕಿದ ಡಿಸ್ಕಾದರೆ ಬೇರೆ ಕಂಪ್ಯೂಟರಿನಲ್ಲಿ ಪಾಸ್‌ವರ್ಡೋ 48 ಅಂಕೆಯ ರಿಕವರಿ ಕೀಯೋ ಬೇಕು. ಆ ಕೀ ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ.

ಮೊದಲ ಸಲ ಒಂದೆರಡು ಫೈಲ್ ತೆಗೆದು ನೋಡಿ ನಿಲ್ಲಿಸಬೇಡಿ. ಪೂರ್ತಿ ರಿಸ್ಟೋರ್ ಮಾಡಿ. ಆಮೇಲೆ ಆ ಡಿಸ್ಕನ್ನು ಉಬುಂಟುವಿಗೆ ಹಾಕಿ, ಈಗ ನಿಮ್ಮ ಬಳಿ ಇರುವ ಚೆಕ್‌ಸಮ್ ಪಟ್ಟಿಗೆ `sha256sum -c` ಓಡಿಸಿ. `FAILED open or read` ಬಂದ ಸಾಲುಗಳನ್ನು ಇಲ್ಲಿ ಗಮನವಿಟ್ಟು ನೋಡಿ, ಅವು ಬ್ಯಾಕಪ್ಪಿನೊಳಗೆ ಬಂದೇ ಇಲ್ಲದ ಫೈಲ್‌ಗಳು. ಸಾಮಾನ್ಯವಾಗಿ ಎರಡು ಕಾರಣ. ಸಾಫ್ಟ್‌ವೇರ್ ಸಿ ಡ್ರೈವಿನ ಡಾಕ್ಯುಮೆಂಟ್ಸ್, ಮ್ಯೂಸಿಕ್ ಫೋಲ್ಡರುಗಳನ್ನು ಮಾತ್ರ ತೆಗೆದುಕೊಳ್ಳುತ್ತಿದೆ, ನೀವು ಇಟ್ಟಿದ್ದು ಡಿ ಡ್ರೈವಿನಲ್ಲಿ. ಇಲ್ಲವಾದರೆ ಆ ಫೋಲ್ಡರ್ ಒನ್‌ಡ್ರೈವ್ ಕೈಯಲ್ಲಿದೆ. ಜಾಗ ಉಳಿಸಲು ಅದು ಲ್ಯಾಪ್‌ಟಾಪಿನಲ್ಲಿ ಫೈಲಿನ ಹೆಸರು ಮಾತ್ರ ಇಟ್ಟುಕೊಂಡು ಒಳಗಿನದ್ದನ್ನು ಕ್ಲೌಡಿನಲ್ಲಿ ಇಟ್ಟಿರಬಹುದು. ಫೈಲಿನ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಅದೇ. ಅಂಥ ಫೈಲ್‌ಗಳನ್ನು ಕೆಲವು ಬ್ಯಾಕಪ್ ಸಾಫ್ಟ್‌ವೇರ್‌ಗಳು ಹಾರಿಸಿಬಿಡುತ್ತವೆ, ಟಿಕ್ ಮಾತ್ರ ಹಸಿರೇ.

ಚೆಕ್‌ಸಮ್ ಎಲ್ಲ ತಾಳೆಯಾದ ಮೇಲೂ ಒಂದು ನೋಡಬೇಕು. `side-B-07` ಎಂದರೆ ಯಾವ ಪ್ರಸಂಗ, ಯಾವ ಊರಿನ ಕೂಟ, ಭಾಗವತರು ಯಾರು, ಅರ್ಥ ಹೇಳಿದವರು ಯಾರು? ಆ ವಿವರ ನಿಮ್ಮ ಎಕ್ಸೆಲ್ ಪಟ್ಟಿಯಲ್ಲೋ ಅಪ್ಪಯ್ಯನ ನೋಟ್‌ಬುಕ್ಕಿನಲ್ಲೋ ಇರುತ್ತದೆ, ಅಲ್ವಾ? ರಿಸ್ಟೋರ್ ಆದ ಡಿಸ್ಕ್ ಮಾತ್ರ ಮುಂದಿಟ್ಟುಕೊಂಡು, ಹೆಸರು ಹೇಳಿದ ಒಂದು ಪ್ರಸಂಗವನ್ನು ಹುಡುಕಿ ತೆಗೆಯಲು ಮನೆಯ ಇನ್ನೊಬ್ಬರಿಗೆ ಹೇಳಿ. ಅವರಿಗೆ ಆಗದಿದ್ದರೆ ಪಟ್ಟಿ ಬ್ಯಾಕಪ್ಪಿನಲ್ಲಿ ಇಲ್ಲ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಧ್ವನಿ ಫೈಲ್‌ಗಳ ಫೋಲ್ಡರಿನಲ್ಲೇ ಹಾಕಿಡಿ.

ಪೂರ್ತಿ ರಿಸ್ಟೋರ್ ವರ್ಷಕ್ಕೊಮ್ಮೆ ಸಾಕು. ಲ್ಯಾಪ್‌ಟಾಪ್ ಅಥವಾ ಬ್ಯಾಕಪ್ ಸಾಫ್ಟ್‌ವೇರ್ ಬದಲಿಸಿದಾಗ ಮಾತ್ರ ತಡಮಾಡದೆ ಇನ್ನೊಮ್ಮೆ ಮಾಡಿ. ಕಪಾಟಿನಲ್ಲಿಡುವ ಡಿಸ್ಕ್‌ಗಳನ್ನು ಕರಾವಳಿಯ ತೇವಕ್ಕೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ವರ್ಷಕ್ಕೊಮ್ಮೆ ತೆಗೆದು ಪೂರ್ತಿ ಪಟ್ಟಿ ತಾಳೆ ನೋಡಿ. ಯಾವುದಾದರೂ ಫೈಲ್ ತಪ್ಪಿತು ಎಂದು ಬಂದರೆ ಗಾಬರಿಯಲ್ಲಿ ತಕ್ಷಣ ಇನ್ನೊಂದು ಕಾಪಿಯಿಂದ ಮೇಲೆ ಬರೆಯಬೇಡಿ. ಮೊದಲು ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿ ಮತ್ತೆ ಓದಿ. ಅಲ್ಲೂ ಅದೇ ತಪ್ಪು ಬಂದರೆ `cmp -l` ಕೊಟ್ಟು ಅದು ಸೊನ್ನೆಯೋ, ಒಂದು ಬಿಟ್ಟೋ, ಬೇರೆ ತುಂಡೋ ಎಂದು ನೋಡಿ. ಸೊನ್ನೆಗಳ ತುಂಡು ಒಂದು ಫೈಲಿಗೆ ಸೀಮಿತವಾಗಿದ್ದರೆ ದುರಸ್ತಿ ಮಾಡಿಕೊಂಡು ಅದೇ ಡಿಸ್ಕ್ ಇಟ್ಟುಕೊಳ್ಳಬಹುದು. ಹಿಂದಿನ ವರ್ಷ ಸರಿಯಿದ್ದ ಹಲವು ಫೈಲ್‌ಗಳು ಈ ವರ್ಷ ತಪ್ಪಿದ್ದರೆ ಆ ಡಿಸ್ಕನ್ನು ಬಿಟ್ಟು ಹೊಸದು ತನ್ನಿ.